ಓಡಿದ ಮೇಲೆ ಖುಷಿಯಾಗುತ್ತದೆ ಅಂತಾರೆ, ನನಗೆ ಸಿಟ್ಟು ಬರುತ್ತದೆ. ಯಾಕೆ?

ಸೋತಶೂ
ಎಲ್ಲರಿಗೂ ನಮಸ್ಕಾರ. ವಯಸ್ಸು 41. ಕೆಲವು ತಿಂಗಳಿಂದ ಬೆಳಿಗ್ಗೆ ಓಡುತ್ತಿದ್ದೇನೆ. ತೂಕ, ಸಕ್ಕರೆ, ಬಿಪಿ ಇವ್ಯಾವುದಕ್ಕೂ ಅಲ್ಲ. ಮನಸ್ಸು ಸದಾ ಒಂಥರಾ ಮಂಕಾಗಿರುತ್ತಿತ್ತು, ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳಿದ್ದಕ್ಕೆ ಶುರು ಮಾಡಿದ್ದು.

ಅರ್ಧ ಗಂಟೆ ಓಡುತ್ತೇನೆ. ವಾಚ್‌ನಲ್ಲಿ ಹೃದಯ ಬಡಿತ ಹೆಚ್ಚೂಕಡಿಮೆ 165 ತೋರಿಸುತ್ತದೆ. ಓಡುವಾಗ ಪೂರ್ತಿ ಹೊತ್ತು ‘ಯಾವಾಗ ಮುಗಿಯುತ್ತಪ್ಪಾ’ ಅನ್ನುವುದೊಂದೇ ಯೋಚನೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಅಷ್ಟೇ. ಹನ್ನೊಂದು ಗಂಟೆ ಹೊತ್ತಿಗೆ ಮನೆಯವರ ಮೇಲೆ, ಆಫೀಸಿನವರ ಮೇಲೆ ಸುಮ್ಸುಮ್ನೆ ರೇಗುತ್ತಿರುತ್ತೇನೆ.

ಆ ಖುಷಿ ನಿಜವಾಗಿಯೂ ಇದೆಯಾ? ಇದ್ದರೆ ನನಗ್ಯಾಕೆ ಸಿಗುತ್ತಿಲ್ಲ?

ಜಿಮ್‌ಮೇಟ್
ಎಂಡಾರ್ಫಿನ್ ಬಿಡುಗಡೆ ಆಗುವಷ್ಟು ಓಡುತ್ತಿಲ್ಲ ನೀವು. ಸಿಂಪಲ್. ದೇಹ ನೋವು ತಡೆಯೋಕೆ ತಾನೇ ಮಾಡಿಕೊಳ್ಳುವ ಮಾರ್ಫಿನ್ ಅದು. ಜಾಸ್ತಿ ನೋವಾದರೆ ಜಾಸ್ತಿ ಎಂಡಾರ್ಫಿನ್. ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿ, ಸ್ಪೀಡೂ ಏರಿಸಿ, ಆಮೇಲೆ ಬಂದು ಹೇಳಿ.

ತೂಕದಚಿಂತೆ
ಮೇಡಂ, ಬರೀ ಓಡಿದರೆ ತೂಕ ಇಳಿಯಲ್ಲ, ಊಟ ಕಂಟ್ರೋಲ್ ಮಾಡಬೇಕು. ನಾನು ರಾತ್ರಿ ಊಟ ಬಿಟ್ಟ ಮೇಲೇನೇ ವ್ಯತ್ಯಾಸ ಗೊತ್ತಾಗಿದ್ದು.

ಸುಮ್ನೆಬಂದೆ
ಅವರು ಓಡುತ್ತಿರುವುದು ತೂಕಕ್ಕಲ್ಲ ಮಾರಾಯ್ರೇ. ಶುರುವಿನಲ್ಲೇ ಬರೆದಿದ್ದಾರೆ.

ಉಸಿರುಲೆಕ್ಕ
ವ್ಯಾಯಾಮದ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು ನಾನು. ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಮೂಗಿಗೆ ಮಾಸ್ಕ್ ಹಾಕಿ ಉಸಿರು ಅಳೆಯುವುದೇ ಕೆಲಸವಾಗಿತ್ತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ.

ಜಿಮ್‌ಮೇಟ್ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಜೋರಾಗಿ ವ್ಯಾಯಾಮ ಮಾಡಿದಾಗ ರಕ್ತದಲ್ಲಿ ಎಂಡಾರ್ಫಿನ್ ಏರುವುದು ನಿಜ. ಆದರೆ ಅದು ದೊಡ್ಡ ಅಣು. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ಸುಲಭವಾಗಿ ದಾಟುವುದಿಲ್ಲ. ರಕ್ತದಲ್ಲಿ ಏರಿತು ಅಂದ ಮಾತ್ರಕ್ಕೆ ಮನಸ್ಸಿಗೆ ಮುಟ್ಟಿತು ಅಂತ ಹೇಳಲಾಗದು.

2021ರಲ್ಲಿ ಜರ್ಮನಿಯಿಂದ ಒಂದು ಅಧ್ಯಯನ ಬಂತು. 63 ಜನರನ್ನು ತೆಗೆದುಕೊಂಡು ಕೆಲವರಿಗೆ ನಾಲ್ಟ್ರೆಕ್ಸೋನ್ ಕೊಟ್ಟರು. ಎಂಡಾರ್ಫಿನ್ ಕೂರುವ ಜಾಗವನ್ನು ಮುಚ್ಚಿಬಿಡುವ ಮಾತ್ರೆ ಅದು. ಉಳಿದವರಿಗೆ ಸುಮ್ಮನೆ ಹುಸಿ ಮಾತ್ರೆ. ಎಲ್ಲರೂ 45 ನಿಮಿಷ ಓಡಿದರು. ಎಂಡಾರ್ಫಿನ್ನೇ ಕಾರಣ ಆಗಿದ್ದರೆ ನಾಲ್ಟ್ರೆಕ್ಸೋನ್ ತಗೊಂಡವರಿಗೆ ಖುಷಿ ಬರಬಾರದಿತ್ತು, ಅಲ್ವಾ? ಅವರಿಗೂ ಬಂತು. ಆತಂಕವೂ ಇಳಿಯಿತು. ಓಡಿದ ಮೇಲೆ ರಕ್ತದಲ್ಲಿ ಏರಿದ್ದು ಎಂಡೋಕ್ಯಾನಬಿನಾಯ್ಡ್ ಅನ್ನುವ ಬೇರೆ ಪದಾರ್ಥ. ಗಾಂಜಾ ಯಾವ ಬಾಗಿಲು ತಟ್ಟುತ್ತದೋ ಅದೇ ಬಾಗಿಲು ತಟ್ಟುವಂಥದ್ದು ಇದು, ದೇಹವೇ ತಯಾರಿಸುತ್ತದೆ. ಕೊಬ್ಬಿನಲ್ಲಿ ಕರಗುವುದರಿಂದ ಮಿದುಳಿಗೆ ಸಲೀಸಾಗಿ ಹೋಗುತ್ತದೆ.

ಈಗ ಸೋತಶೂ ಅವರ ವಿಷಯ. ನಿಮ್ಮ ಪೋಸ್ಟ್‌ನಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ 165. ಅಷ್ಟು ಬಡಿತದಲ್ಲಿ ಓಡುವಾಗ ನೀವು ಮಾತಾಡಬಲ್ಲಿರಾ?

ಜಿಮ್‌ಮೇಟ್
ಮಿದುಳಿನೊಳಗೂ ಎಂಡಾರ್ಫಿನ್ ಹುಟ್ಟುತ್ತದಲ್ಲ ಸರ್? ಸ್ಕ್ಯಾನ್ ಮಾಡಿ ನೋಡಿದ್ದಾರೆ ಅಂತ ಓದಿದ ನೆನಪು.

ಉಸಿರುಲೆಕ್ಕ
ಹೌದು, ಒಪ್ಪಿದೆ. ಅದೂ ಜರ್ಮನಿಯಲ್ಲೇ, 2008ರಲ್ಲಿ. ಹತ್ತು ಜನ ಓಟಗಾರರು ಎರಡು ಗಂಟೆ ಓಡಿದ ಮೇಲೆ ಪೆಟ್ ಸ್ಕ್ಯಾನ್ ಮಾಡಿದರು. ಮಿದುಳಿನ ಕೆಲವು ಭಾಗಗಳಲ್ಲಿ ಎಂಡಾರ್ಫಿನ್ ಕೂರುವ ಜಾಗಗಳು ಭರ್ತಿಯಾಗಿದ್ದವು, ಭರ್ತಿಯಾದಷ್ಟೂ ಖುಷಿ ಜಾಸ್ತಿ ಅಂದಿದ್ದರು ಓಡಿದವರು. ಹಾಗಾಗಿ ಎಂಡಾರ್ಫಿನ್‌ಗೆ ಪಾತ್ರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ನೋಡಿ, ಹತ್ತೇ ಜನ, ಪಳಗಿದ ಓಟಗಾರರು, ಎರಡು ಗಂಟೆ. ನಮ್ಮ ನಿಮ್ಮಂಥವರ ಅರ್ಧ ಗಂಟೆಗೆ ಅದನ್ನು ಹೇಗೆ ಅಂಟಿಸುವುದು?

ಸೋತಶೂ
ಮಾತಾಡುವುದೇ? ಗೊತ್ತಿರುವವರು ಎದುರು ಸಿಕ್ಕರೆ ಕೈ ಎತ್ತುತ್ತೇನೆ. ‘ಹಾಂ, ಆಮೇಲೆ’ ಅನ್ನುವಷ್ಟರಲ್ಲಿ ಉಸಿರು ಖಾಲಿ.

ಉಸಿರುಲೆಕ್ಕ
ನಿಮ್ಮ ತೊಂದರೆ ಅಲ್ಲೇ ಇರಬಹುದು.

ಲೆಕ್ಕ ಹಾಕೋಣ. 220ರಲ್ಲಿ ವಯಸ್ಸು ಕಳೆದರೆ 179. ಅದು ನಿಮ್ಮ ಅಂದಾಜು ಗರಿಷ್ಠ ಬಡಿತ. 165 ಅಂದರೆ ಅದರ ನೂರಕ್ಕೆ 92ರಷ್ಟು. ಈ 220ರ ಸೂತ್ರ ಸರಾಸರಿ ಮಾತ್ರ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತದೆ. ಅದಕ್ಕೇ ವಾಚ್‌ಗಿಂತ ನಿಮ್ಮ ‘ಹಾಂ, ಆಮೇಲೆ’ಯನ್ನು ನಾನು ಜಾಸ್ತಿ ನಂಬುತ್ತೇನೆ.

ಓಟದ ವೇಗ ಏರಿಸುತ್ತಾ ಹೋದರೆ ಒಂದು ಹಂತದ ತನಕ ಉಸಿರು ನಿಧಾನವಾಗಿ ಏರುತ್ತದೆ. ಆ ಹಂತ ದಾಟಿದ ಕೂಡಲೇ ಒಮ್ಮೆಲೇ ಜಿಗಿಯುತ್ತದೆ. ಸ್ನಾಯುಗಳಲ್ಲಿ ಆಮ್ಲ ಏರುತ್ತಿರುತ್ತದೆ, ಅದನ್ನು ಸರಿದೂಗಿಸಲು ದೇಹ ಜಾಸ್ತಿ ಗಾಳಿ ಹೊರಹಾಕಲೇಬೇಕು. ಆಗಲೇ ಮಾತು ತುಂಡಾಗುವುದು. ಮಾಸ್ಕ್ ಹಾಕಿ ಅಳೆಯುವಾಗ ಗ್ರಾಫ್‌ನಲ್ಲಿ ಗೆರೆ ಸಟ್ಟನೆ ಮೇಲಕ್ಕೆ ತಿರುಗುವುದನ್ನು ನಾನೇ ನೋಡಿದ್ದೇನೆ. ಹೆಚ್ಚುಕಡಿಮೆ ಅದೇ ನಿಮಿಷಕ್ಕೆ ಓಡುತ್ತಿರುವವರ ಮುಖವೂ ಕಿವುಚಿಕೊಳ್ಳುತ್ತದೆ.

ಎಕ್ಕೆಕಾಕಿಸ್ ಅನ್ನುವ ಸಂಶೋಧಕರು ವರ್ಷಗಟ್ಟಲೆ ಇದರ ಮೇಲೇ ಕೆಲಸ ಮಾಡಿದ್ದಾರೆ. ಉಸಿರು ಜಿಗಿಯುವ ಆ ಹಂತಕ್ಕಿಂತ ಕೆಳಗೆ ಓಡುವಾಗ ಹೆಚ್ಚಿನವರಿಗೆ ಹಿತ ಅನಿಸುತ್ತದೆ. ಆ ಹಂತದ ಹತ್ತಿರ ಕೆಲವರಿಗೆ ಹಿತ, ಕೆಲವರಿಗೆ ಕಷ್ಟ. ಮೇಲೆ ಹೋದರೆ ಬಹುತೇಕ ಎಲ್ಲರಿಗೂ ಕಷ್ಟವೇ. ಅಲ್ಲಿ ಮನಸ್ಸಿನ ಮಾತು ನಡೆಯುವುದಿಲ್ಲ, ದೇಹದ ಕೂಗೇ ಜೋರು. ‘ಪಾಸಿಟಿವ್ ಆಗಿ ಯೋಚಿಸಿ’ ಅಂತ ಹೇಳಿ ಪ್ರಯೋಜನ ಇಲ್ಲ.

ಮುಗಿದ ಮೇಲೆ ನಿಮಗೆ ಹಾಯೆನಿಸುತ್ತದಲ್ಲ, ಅದು ಬಹುಪಾಲು ಹಿಂಸೆ ನಿಂತಿತಲ್ಲ ಅನ್ನುವ ಸಮಾಧಾನ. ಬಿಗಿ ಚಪ್ಪಲಿ ಕಳಚಿದ ಹಾಗೆ. ಅದು ಸುಳ್ಳಲ್ಲ, ಆದರೆ ನೀವು ಹುಡುಕುತ್ತಿರುವುದು ಅದನ್ನಲ್ಲ.

ಪುರಾವೆಕೊಡಿ
ಒಂದು ಅಡ್ಡಮಾತು. ರಾಸಾಯನಿಕದ ಹೆಸರು ಬದಲಾದರೂ ಕಥೆ ಅದೇ ಆಯ್ತಲ್ಲ. ನಿನ್ನೆ ಎಂಡಾರ್ಫಿನ್, ಇವತ್ತು ಎಂಡೋಕ್ಯಾನಬಿನಾಯ್ಡ್. ರಾಸಾಯನಿಕವೇ ಬೇಕು ಅಂತ ಯಾರು ಹೇಳಿದ್ದು?

1978ರಲ್ಲಿ ಬಾರ್ಕ್ ಮತ್ತು ಮಾರ್ಗನ್ ಅನ್ನುವವರು 75 ಗಂಡಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಇಪ್ಪತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ, ಇನ್ನೊಂದು ಧ್ಯಾನದಲ್ಲಿ, ಮತ್ತೊಂದು ಆರಾಮ ಕುರ್ಚಿಯಲ್ಲಿ ಸುಮ್ಮನೆ. ಮೂರೂ ಗುಂಪಿನವರ ಆತಂಕ ಒಂದೇ ರೀತಿ ಇಳಿಯಿತು. ಕುರ್ಚಿಯಲ್ಲಿ ಕೂತವರಿಗೂ! ಅಂದರೆ ತಲೆಬಿಸಿಯಿಂದ ಇಪ್ಪತ್ತು ನಿಮಿಷ ಬಿಡುವು ಸಿಕ್ಕಿದ್ದೇ ಔಷಧಿ ಆಗಿರಬಹುದಲ್ಲ?

ಸುಮ್ನೆಬಂದೆ
ಕುರ್ಚಿಗೆ ನನ್ನ ವೋಟು.

ಉಸಿರುಲೆಕ್ಕ
ಒಳ್ಳೆಯ ಪ್ರಶ್ನೆ. ಬಿಡುವು ಸಿಗುವುದೂ ಒಂದು ಕಾರಣ ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಅದೇ ಮಾರ್ಗನ್ ಮುಂದೆ ಬೇರೆಯವರ ಜೊತೆ ಸೇರಿ ನೋಡಿದಾಗ, ವ್ಯಾಯಾಮದ ನಂತರದ ಸಮಾಧಾನ ಸುಮ್ಮನೆ ಕೂತದ್ದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ ಅನ್ನುವುದು ಕಂಡಿತು. ಕುರ್ಚಿಯ ಸಮಾಧಾನ ಎದ್ದ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ವ್ಯಾಯಾಮದ್ದು ಒಂದೆರಡು ಗಂಟೆ ಎಳೆಯುತ್ತದೆ.

ಇಲಿಗಳಿಗೆ ತಲೆಬಿಸಿಯಿಂದ ಬಿಡುವು ಬೇಕಿಲ್ಲವಲ್ಲ. ಅವುಗಳಲ್ಲೂ ನೋಡಿದ್ದಾರೆ, 2015ರಲ್ಲಿ. ಚಕ್ರದಲ್ಲಿ ಓಡಿದ ಇಲಿಗಳ ಭಯ ಕಡಿಮೆಯಾಯಿತು. ಕ್ಯಾನಬಿನಾಯ್ಡ್ ಬಾಗಿಲು ಮುಚ್ಚಿದಾಗ ಆ ಪರಿಣಾಮ ಹೋಯಿತು. ಎಂಡಾರ್ಫಿನ್ ಬಾಗಿಲು ಮುಚ್ಚಿದರೆ ಹೋಗಲಿಲ್ಲ.

ಪುರಾವೆಕೊಡಿ
ಇಲಿಗೆ ಖುಷಿಯಾಯ್ತಾ ಅಂತ ಕೇಳಿದವರು ಯಾರು? ಕತ್ತಲಲ್ಲಿ ಅಡಗುವುದು ಬಿಟ್ಟು ಬೆಳಕಿಗೆ ಬಂದು ಕೂತಿತು ಅಂದರೆ ಆತಂಕ ಕಡಿಮೆ ಅಂತ ನಾವೇ ಬರೆದುಕೊಳ್ಳುವುದು. ಮನುಷ್ಯರ ಆ 63 ಜನರ ಅಧ್ಯಯನದಲ್ಲೂ ಎಂಡೋಕ್ಯಾನಬಿನಾಯ್ಡ್ ಏರಿತು ಅಂತಷ್ಟೇ ಗೊತ್ತು. ಅದನ್ನು ತಡೆದು ನೋಡಿಲ್ಲ. ಜೊತೆಗೆ ಏರಿದ್ದೆಲ್ಲ ಕಾರಣ ಆಗುತ್ತದಾ?

ಉಸಿರುಲೆಕ್ಕ
ಸರಿ, ಅದು ನ್ಯಾಯವಾದ ಮಾತು. ಎಂಡಾರ್ಫಿನ್ ಇಲ್ಲದೆಯೂ ಆಗುತ್ತದೆ ಅನ್ನುವುದು ಗಟ್ಟಿ. ಎಂಡೋಕ್ಯಾನಬಿನಾಯ್ಡೇ ಮಾಡಿಸುತ್ತದೆ ಅನ್ನುವುದು ಇನ್ನೂ ಊಹೆ.

ನಿಂತೇಕೆಲಸ
ನನ್ನದೊಂದು ಸಂಶಯ. ನಂದು ದಿನವಿಡೀ ಭಾರ ಎತ್ತಿ ಇಳಿಸುವ ಕೆಲಸ. ಮೈ ಬೆವರುತ್ತದೆ, ಎದೆ ಬಡಿತ ಏರುತ್ತದೆ, ಎಲ್ಲ ಆಗುತ್ತದೆ. ಈ ಲೆಕ್ಕದಲ್ಲಿ ನಾನು ಜಗತ್ತಿನಲ್ಲೇ ಖುಷಿಯಾಗಿರುವ ಮನುಷ್ಯ ಆಗಬೇಕಿತ್ತು. ಸಂಜೆ ಮನೆಗೆ ಹೋದರೆ ಯಾರ ಜೊತೆಯೂ ಮಾತು ಬೇಡ ಅನಿಸುತ್ತದೆ.

ಪುರಾವೆಕೊಡಿ
ನೋಡಿ, ಇದೇ ನಾನು ಹೇಳುತ್ತಿದ್ದದ್ದು. ಮೈ ಅದೇ, ಬೆವರೂ ಅದೇ. ರಾಸಾಯನಿಕವೊಂದೇ ಕಾರಣ ಆಗಿದ್ದರೆ ಇವರಿಗೂ ಸಿಗಬೇಕಿತ್ತು.

ಉಸಿರುಲೆಕ್ಕ
ನಿಂತೇಕೆಲಸ ಅವರೇ, ಇದು ನಿಮ್ಮೊಬ್ಬರ ಅನುಭವ ಅಲ್ಲ. ಬಿಡುವಿನ ವೇಳೆಯಲ್ಲಿ ತಾನಾಗಿ ಮಾಡುವ ಓಡಾಟಕ್ಕೂ ಮನಸ್ಸಿನ ಆರೋಗ್ಯಕ್ಕೂ ಇರುವ ನಂಟು, ಕೆಲಸದಲ್ಲಿ ಆಗುವ ದೈಹಿಕ ಶ್ರಮದಲ್ಲಿ ಕಾಣುವುದಿಲ್ಲ. ಕಾರಣಗಳು ಹಲವು ಇರಬಹುದು. ಕೆಲಸದಲ್ಲಿ ವೇಗ ನಿಮ್ಮ ಕೈಯಲ್ಲಿಲ್ಲ. ಸಾಕು ಅನಿಸಿದಾಗ ನಿಲ್ಲಿಸಲಾಗದು. ಎಂಟು ಗಂಟೆ ಎಳೆಯುತ್ತದೆ, ಸುಧಾರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ‘ನಾನು ಅಂದುಕೊಂಡೆ, ಮಾಡಿದೆ’ ಅನ್ನುವ ಭಾವನೆಗೂ ಇದರಲ್ಲಿ ಪಾಲಿದೆ ಅಂತ ನನ್ನ ಅನಿಸಿಕೆ. ನಿಮಗೆ ಸಂಜೆ ಬೇಕಿರುವುದು ಇನ್ನಷ್ಟು ಬೆವರಲ್ಲ, ವಿಶ್ರಾಂತಿ.

ನಿಂತೇಕೆಲಸ
ಇದನ್ನೊಂದು ಚೀಟಿಯಲ್ಲಿ ಬರೆದುಕೊಡಿ ಸರ್, ಮನೆಯಲ್ಲಿ ತೋರಿಸುತ್ತೇನೆ. ‘ಬೆಳಿಗ್ಗೆ ಎದ್ದು ವಾಕಿಂಗ್ ಹೋಗಿ’ ಅಂತ ದಿನಾ ಕಾಟ.

ಮೋಡಕವಿದ
ನಾನು ಖಿನ್ನತೆಗೆ ಮಾತ್ರೆ ತಗೋತಿದ್ದೇನೆ. ಹೊಸದಾಗಿ ನಡಿಗೆ ಶುರು ಮಾಡಿದ್ದೇನೆ, ಸ್ವಲ್ಪ ಹಗುರ ಅನಿಸುತ್ತಿದೆ. ಮಾತ್ರೆಯಷ್ಟೇ ಕೆಲಸ ವ್ಯಾಯಾಮವೂ ಮಾಡುತ್ತದೆ ಅಂತ ಎಲ್ಲೆಲ್ಲೂ ಓದುತ್ತಿದ್ದೇನೆ. ಹಾಗಾದರೆ ಮಾತ್ರೆ ಬಿಡಬಹುದಾ?

ಜಿಮ್‌ಮೇಟ್
ಬಿಟ್ಟುಬಿಡಿ ಸಾರ್. ನಮ್ಮ ಜಿಮ್‌ನಲ್ಲಿ ಒಬ್ಬರು ಬಿಟ್ಟು ಆರಾಮಾಗಿದ್ದಾರೆ.

ನಿರ್ವಾಹಕ
ಜಿಮ್‌ಮೇಟ್, ಇಂಥ ಸಲಹೆ ಇಲ್ಲಿ ಬೇಡ. ಮೋಡಕವಿದ ಅವರೇ, ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ ಹತ್ತಿರವೇ ಕೇಳಿ. ಸಾಯುವ ಯೋಚನೆ ಏನಾದರೂ ಬರುತ್ತಿದ್ದರೆ ಇಲ್ಲಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ, ಈಗಲೇ ಹತ್ತಿರದವರಿಗೆ ಹೇಳಿ, ಡಾಕ್ಟರನ್ನು ಕಾಣಿ.

ಉಸಿರುಲೆಕ್ಕ
ನಿರ್ವಾಹಕರ ಮಾತಿಗೆ ನನ್ನದೂ ಸಹಿ. ಈ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು, ಖಿನ್ನತೆಯೂ ಮರಳಬಹುದು. ನಿಲ್ಲಿಸುವುದಾದರೂ ಡಾಕ್ಟರೇ ಹಂತಹಂತವಾಗಿ ಇಳಿಸಬೇಕು.

‘ಮಾತ್ರೆಯಷ್ಟೇ’ ಅನ್ನುವ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬ್ಲೂಮೆಂಥಾಲ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೂಲ. 50 ದಾಟಿದ 156 ಜನ, ಎಲ್ಲರಿಗೂ ಖಿನ್ನತೆ. ಕೆಲವರಿಗೆ ವಾರಕ್ಕೆ ಮೂರು ಸಲ ವ್ಯಾಯಾಮ, ಕೆಲವರಿಗೆ ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ, ಕೆಲವರಿಗೆ ಎರಡೂ. 16 ವಾರದ ಕೊನೆಗೆ ಮೂರೂ ಗುಂಪು ಹೆಚ್ಚುಕಡಿಮೆ ಸಮ. ಆದರೆ ಮೊದಲ ವಾರಗಳಲ್ಲಿ ಮಾತ್ರೆಯವರು ಬೇಗ ಚೇತರಿಸಿಕೊಂಡಿದ್ದರು. ಅದನ್ನು ಯಾರೂ ಹೇಳುವುದಿಲ್ಲ.

ಅದರಲ್ಲಿ ಹುಸಿ ಮಾತ್ರೆಯ ಗುಂಪು ಇರಲಿಲ್ಲ. 2007ರಲ್ಲಿ ಅವರೇ 202 ಜನರೊಂದಿಗೆ ಮತ್ತೆ ಮಾಡಿದರು, ಈ ಸಲ ಹುಸಿ ಮಾತ್ರೆಯೂ ಸೇರಿತ್ತು. ಖಿನ್ನತೆಯಿಂದ ಹೊರಬಂದವರು ಎಷ್ಟು ಅಂದರೆ, ಗುಂಪಿನಲ್ಲಿ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 45, ಮನೆಯಲ್ಲಿ ತಾವೇ ಮಾಡಿದವರಲ್ಲಿ 40, ಮಾತ್ರೆಯವರಲ್ಲಿ 47. ಹುಸಿ ಮಾತ್ರೆಯವರಲ್ಲಿ 31.

ಪುರಾವೆಕೊಡಿ
ಈ 31 ಇದೆಯಲ್ಲ, ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಏನೂ ಇಲ್ಲದ ಮಾತ್ರೆ ನುಂಗಿ, ಯಾರೋ ನಿಯಮಿತವಾಗಿ ವಿಚಾರಿಸಿಕೊಂಡಿದ್ದಕ್ಕೆ, ಕಾಲ ಕಳೆದಿದ್ದಕ್ಕೆ ಮೂರರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಗುಣ. ವ್ಯಾಯಾಮದ್ದು ಅಂತ ಹೇಳಬಹುದಾದದ್ದು ಅದರ ಮೇಲಿನ ಒಂಬತ್ತರಿಂದ ಹದಿನಾಲ್ಕು ಮಾತ್ರ.

ಇನ್ನೊಂದು. ಹುಸಿ ಮಾತ್ರೆ ಕೊಡಬಹುದು, ಹುಸಿ ಓಟ ಓಡಿಸುವುದು ಹೇಗೆ? ತಾನು ಓಡುತ್ತಿದ್ದೇನೆ ಅಂತ ಓಡುವವನಿಗೆ ಗೊತ್ತಿರುತ್ತದೆ. ಹೋಲಿಕೆಯ ಗುಂಪಿಗೆ ಹಾಕಿ ‘ನೀವು ಕಾಯುವ ಪಟ್ಟಿಯಲ್ಲಿದ್ದೀರಿ’ ಅಂತ ಹೇಳಿಸಿಕೊಂಡವನಿಗೆ ಬೇಜಾರಾಗುತ್ತದೆ. 2013ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆಯ ವಿಮರ್ಶೆ 35 ಪ್ರಯೋಗ ಸೇರಿಸಿ ನೋಡಿದಾಗ ಪರಿಣಾಮ ಮಧ್ಯಮ ಮಟ್ಟದ್ದು ಅಂತ ಬಂತು. ಅದರಲ್ಲಿ ಕಟ್ಟುನಿಟ್ಟಾಗಿ ನಡೆಸಿದ ಕೆಲವನ್ನಷ್ಟೇ ಹೆಕ್ಕಿದಾಗ ತುಂಬಾ ಸಣ್ಣದಾಯಿತು, ಇದೆಯೋ ಇಲ್ಲವೋ ಅನ್ನುವಷ್ಟು.

ಉಸಿರುಲೆಕ್ಕ
2024ರಲ್ಲಿ 218 ಅಧ್ಯಯನ ಸೇರಿಸಿ ಮಾಡಿದ ವಿಮರ್ಶೆಯೂ ಇದೆ. ಅಲ್ಲಿ ನಡಿಗೆ, ಜಾಗಿಂಗ್, ಯೋಗ, ಭಾರ ಎತ್ತುವುದು ಎಲ್ಲದರಲ್ಲೂ ಉಪಯೋಗ ಕಂಡಿದೆ.

ಪುರಾವೆಕೊಡಿ
ಅದರಲ್ಲೂ ಬಹುಪಾಲು ಅಧ್ಯಯನಗಳ ಗುಣಮಟ್ಟ ಕಡಿಮೆ ಅಂತ ಅವರೇ ಬರೆದುಕೊಂಡಿದ್ದಾರೆ ಸ್ವಾಮಿ. ನಾನು ವ್ಯಾಯಾಮ ಬೇಡ ಅನ್ನುತ್ತಿಲ್ಲ. ನಾನೂ ಮಾಡುತ್ತೇನೆ. ಪವಾಡ ಅಂತ ಮಾರಬೇಡಿ ಅಂತಷ್ಟೇ.

ಮೋಡಕವಿದ
ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಮಾತ್ರೆ ಬಿಡುವುದಿಲ್ಲ, ಮುಂದಿನ ಸಲ ಡಾಕ್ಟರ ಹತ್ತಿರ ಮಾತಾಡುತ್ತೇನೆ. ಒಂದು ಮಾತು ಮಾತ್ರ ಹೇಳಬೇಕು. ‘ಎದ್ದು ಓಡಿ, ಸರಿಹೋಗುತ್ತದೆ’ ಅನ್ನುವವರಿಗೆ ಗೊತ್ತಿಲ್ಲ, ಕೆಲವು ದಿನ ಶೂ ಲೇಸ್ ಕಟ್ಟುವುದೇ ಆಗುವುದಿಲ್ಲ. ಹಾಸಿಗೆ ಅಂಚಲ್ಲಿ ಒಂದು ಶೂ ಹಾಕಿಕೊಂಡು ಹಾಗೇ ಕೂತಿರುತ್ತೇನೆ. ಮನಸ್ಸಿಲ್ಲ ಅಂತಲ್ಲ, ಆಗುವುದಿಲ್ಲ.

ನಿಂತೇಕೆಲಸ
ಇದು ನಿಜ ಕಣ್ರೀ. ನನ್ನ ಅಕ್ಕನಿಗೂ ಹೀಗೇ ಇತ್ತು. ಸೋಮಾರಿತನ ಅಂತ ಮನೆಯವರೆಲ್ಲ ಬೈಯುತ್ತಿದ್ದರು.

ಉಸಿರುಲೆಕ್ಕ
ಮೋಡಕವಿದ ಅವರೇ, ಅಂಥ ದಿನ ಬಾಗಿಲ ತನಕ ಹೋಗಿ ಬಂದರೂ ಆಯ್ತು, ಹೋಗದಿದ್ದರೂ ಆಯ್ತು. ಅಪರಾಧ ಅಂದುಕೊಳ್ಳಬೇಡಿ. ಜೊತೆಗೆ ಬರುವವರು ಒಬ್ಬರಿದ್ದರೆ ಒಳ್ಳೆಯದು. ಹೊರಡುವ ನಿರ್ಧಾರವನ್ನು ಪ್ರತಿ ಸಲ ನೀವೊಬ್ಬರೇ ಮಾಡಬೇಕಾಗುವುದಿಲ್ಲ.

ಸೋತಶೂ ಅವರಿಗೆ ಈಗ ಒಂದು ಕೆಲಸ. ನಾವು ಲ್ಯಾಬ್‌ನಲ್ಲಿ ಬಳಸುತ್ತಿದ್ದ ಒಂದು ಅಳತೆ ಇದೆ. ‘ಈ ಕ್ಷಣ ಹೇಗನಿಸುತ್ತಿದೆ’ ಅನ್ನುವುದಕ್ಕೆ –5ರಿಂದ +5ರವರೆಗೆ ಒಂದು ಅಂಕ. –5 ಅಂದರೆ ತೀರಾ ಕೆಟ್ಟದು, 0 ಅಂದರೆ ಎರಡೂ ಇಲ್ಲ, +5 ಅಂದರೆ ತುಂಬಾ ಹಿತ. ಹೊರಡುವ ಮುಂಚೆ, ನಡುವೆ, ಮುಗಿಯುವ ಹೊತ್ತಿಗೆ, ಒಂದು ಗಂಟೆ ಬಿಟ್ಟು, ಹೀಗೆ ನಾಲ್ಕು ಸಲ ಬರೆದುಕೊಳ್ಳಿ. ಮೊದಲು ಈಗ ಓಡುವ ಹಾಗೇ ಓಡಿ. ಆಮೇಲೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನಕ್ಕೆ. ಓಟ ನಡಿಗೆ ಆದರೂ ಪರವಾಗಿಲ್ಲ. ಮೊದಲ ಐದು ನಿಮಿಷದ ಅಂಕ ನಂಬಬೇಡಿ, ಅದು ಹಲವರಿಗೆ ಕೆಟ್ಟದಾಗಿಯೇ ಇರುತ್ತದೆ. ಆ ಐದು ನಿಮಿಷ ನೆನಪಲ್ಲಿ ಉಳಿದೇ ಜನ ಮರುದಿನ ಹೋಗುವುದಿಲ್ಲ.

ರಾತ್ರಿಪಾಳಿ
ನಿದ್ದೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನನಗೆ ವ್ಯಾಯಾಮದಿಂದ ಆದ ಉಪಯೋಗ ಅಂದರೆ ಅದೊಂದೇ. ಪಾಳಿ ಮುಗಿಸಿ ಬಂದು ಮಲಗಿದರೆ ಕಣ್ಣು ಮುಚ್ಚುತ್ತಿರಲಿಲ್ಲ. ಈಗ ಮುಚ್ಚುತ್ತದೆ. ನಿದ್ದೆ ಬಂದ ದಿನ ಮನಸ್ಸೂ ಸರಿ ಇರುತ್ತದೆ. ಮೂಡ್ ಸುಧಾರಿಸಿದ್ದು ಓಟದಿಂದಲೋ ನಿದ್ದೆಯಿಂದಲೋ, ಯಾರಿಗೆ ಗೊತ್ತು.

ಸುಮ್ನೆಬಂದೆ
ರಾತ್ರಿಪಾಳಿಯವರೇ, ಅದೂ ಕುರ್ಚಿ ವಾದಕ್ಕೇ ಸೇರುತ್ತದೆ.

ಸೋತಶೂ
ಉಸಿರುಲೆಕ್ಕ ಸರ್ ಹೇಳಿದಂತೆ ಬರೆದುಕೊಂಡೆ. ಜೋರು ಓಟದ ಒಂದು ದಿನದ್ದು: ಹೊರಡುವಾಗ 0, ನಡುವೆ –3, ಮುಗಿಯುವಾಗ –4. ನಿಂತು ಹತ್ತು ನಿಮಿಷಕ್ಕೆ +1. ಒಂದು ಗಂಟೆ ಬಿಟ್ಟು ನೋಡಿದರೆ –1.

ನಿಧಾನದ ಒಂದು ದಿನದ್ದು: ಹೊರಡುವಾಗ –1, ನಡುವೆ +1, ಮುಗಿಯುವಾಗ +2, ಒಂದು ಗಂಟೆ ಬಿಟ್ಟು +1. ಬಡಿತ 130ರ ಆಸುಪಾಸು. ಫೋನಲ್ಲಿ ತಂಗಿ ಜೊತೆ ಮಾತಾಡುತ್ತಲೇ ಹೋದೆ. ನಡುವೆ ಒಬ್ಬ ಅಜ್ಜ ನನ್ನನ್ನು ದಾಟಿಕೊಂಡು ಹೋದರು, ಸ್ವಲ್ಪ ಅವಮಾನ ಆಯಿತು.

ಇನ್ನೊಂದು ದಿನ ನಿಧಾನಕ್ಕೇ ಹೋದರೂ ಕೊನೆ ತನಕ –1 ಬಿಟ್ಟು ಕದಲಲಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಜಗಳ ಆಗಿತ್ತು.

ಪುರಾವೆಕೊಡಿ
ಮೇಡಂ, ತಪ್ಪು ತಿಳಿಯಬೇಡಿ. ನಿಧಾನಕ್ಕೆ ಓಡಿದರೆ ಅಂಕ ಚೆನ್ನಾಗಿ ಬರಬೇಕು ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ. ತಂಗಿ ಜೊತೆ ಮಾತಾಡಿದ್ದಕ್ಕೂ ಎಷ್ಟೋ ಅಂಕ ಹೋಗಬೇಕು.

ಉಸಿರುಲೆಕ್ಕ
ಇದು ಪ್ರಬಂಧ ಬರೆಯಲು ಸಾಲದು, ನಿಜ. ನಾಳೆ ಯಾವ ವೇಗದಲ್ಲಿ ಹೋಗಬೇಕು ಅಂತ ಅವರು ತೀರ್ಮಾನಿಸಲು ಸಾಕು. ವ್ಯಾಯಾಮದ ಹೊತ್ತಿನಲ್ಲಿ ಹಿತ ಅನಿಸಿದವರೇ ತಿಂಗಳುಗಳ ನಂತರವೂ ಮುಂದುವರಿಸುತ್ತಿರುತ್ತಾರೆ. ಮುಗಿದ ಮೇಲಿನ ಹಿತಕ್ಕೆ ಆ ಶಕ್ತಿ ಕಡಿಮೆ.

ಜಗಳದ ದಿನದ –1 ಬಗ್ಗೆ: ಅದೂ ಸರಿಯಾದ ಫಲಿತಾಂಶವೇ. ಜಗಳವನ್ನು ಓಟ ಬಗೆಹರಿಸುವುದಿಲ್ಲ. ಹಿತ ಬಂದ ದಿನವೂ ಅದು ಒಂದೆರಡು ಅಂಕ, ಒಂದೆರಡು ಗಂಟೆ. ಅದಕ್ಕಿಂತ ಜಾಸ್ತಿ ಕೇಳಿದರೆ ನಿರಾಸೆ.

ಸೋತಶೂ
ಒಂದೆರಡು ಗಂಟೆಗೆ ಮುಗಿಯುವುದಾದರೆ ತಿಂಗಳುಗಟ್ಟಲೆ ಮಾಡಿದ್ದಕ್ಕೆ ಏನು ಲಾಭ?

ಉಸಿರುಲೆಕ್ಕ
ಅಲ್ಲಿ ಬೇರೆ ದಾರಿಗಳ ಮಾತು ಬರುತ್ತದೆ. ಮಿದುಳಿನ ಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಅನ್ನುವ ಪ್ರೋಟೀನು, ನಿದ್ದೆ, ‘ನನ್ನಿಂದ ಆಗುತ್ತದೆ’ ಅನ್ನುವ ಧೈರ್ಯ. 2011ರ ಒಂದು ಅಧ್ಯಯನದಲ್ಲಿ 120 ವಯಸ್ಸಾದವರಲ್ಲಿ ಒಂದು ವರ್ಷ ನಡೆದವರ ಹಿಪೊಕ್ಯಾಂಪಸ್ ನೂರಕ್ಕೆ ಎರಡರಷ್ಟು ಬೆಳೆದಿತ್ತು. ನೆನಪಿಗೂ ಭಾವನೆಗೂ ಬೇಕಾದ ಭಾಗ ಅದು. ಆದರೆ ಅದು ಬೆಳೆದದ್ದರಿಂದಲೇ ಮನಸ್ಸು ಹಗುರಾಯಿತು ಅಂತ ತೋರಿಸಿದ ಅಧ್ಯಯನವಲ್ಲ.

ನನಗೆ ಹೆಚ್ಚು ಉಪಯೋಗ ಅನಿಸಿದ್ದು ನಾರ್ವೆಯ ದೊಡ್ಡ ಸಮೀಕ್ಷೆ. ಸುಮಾರು 34 ಸಾವಿರ ಜನ, 11 ವರ್ಷ. ಬಿಡುವಿನಲ್ಲಿ ವಾರಕ್ಕೆ ಒಂದು ಗಂಟೆಯಾದರೂ ವ್ಯಾಯಾಮ ಮಾಡುತ್ತಿದ್ದವರಲ್ಲಿ ಮುಂದೆ ಖಿನ್ನತೆ ಬಂದದ್ದು ಕಡಿಮೆ. ಜೋರಾಗಿ ಮಾಡಿದರೋ ಮೆಲ್ಲಗೆ ಮಾಡಿದರೋ ಅನ್ನುವುದರಿಂದ ವ್ಯತ್ಯಾಸ ಕಾಣಲಿಲ್ಲ.

ಪುರಾವೆಕೊಡಿ
ಮನಸ್ಸು ಸರಿ ಇದ್ದವರೇ ವ್ಯಾಯಾಮ ಮಾಡುತ್ತಾರೆ ಅನ್ನುವ ಸಾಧ್ಯತೆ?

ಉಸಿರುಲೆಕ್ಕ
ಶುರುವಿನಲ್ಲೇ ಖಿನ್ನತೆ ಇದ್ದವರನ್ನು ಬಿಟ್ಟು ಲೆಕ್ಕ ಹಾಕಿದ್ದಾರೆ. ಆದರೂ ಆ ಅನುಮಾನ ಪೂರ್ತಿ ಹೋಗುವುದಿಲ್ಲ, ನೀವು ಕೇಳುತ್ತಲೇ ಇರಿ.

ಜಿಮ್‌ಮೇಟ್
ಹಾಗಾದರೆ ಜೋರಾಗಿ ಮಾಡುವ ನಮ್ಮಂಥವರೆಲ್ಲ ದಡ್ಡರಾ? ನನಗೆ ಭಾರ ಎತ್ತುವಾಗ ಮಜಾ ಬರುತ್ತದೆ. ಒಂದು ದಿನ ತಪ್ಪಿದರೆ ತಲೆ ಕೆಡುತ್ತದೆ.

ಉಸಿರುಲೆಕ್ಕ
ನಿಮಗೆ ಮಜಾ ಬಂದರೆ ಅದೇ ನಿಮ್ಮ ವ್ಯಾಯಾಮ, ಯಾರು ಬೇಡ ಅಂದರು? ಜನ ಒಂದೇ ಥರ ಇರುವುದಿಲ್ಲ. ಆದರೆ ಒಂದು ದಿನ ತಪ್ಪಿದರೆ ತಲೆ ಕೆಡುವುದರ ಮೇಲೆ ಕಣ್ಣಿಡಿ. ರೂಢಿಯಾದವರು ಒಂದೆರಡು ವಾರ ಬಿಟ್ಟರೆ ಮನಸ್ಸು ಮಂಕಾಗುವುದು ಸಾಮಾನ್ಯ. ಗಾಯವಾದರೂ, ಜ್ವರವಿದ್ದರೂ ಬಿಡಲಾಗದ ಮಟ್ಟಕ್ಕೆ ಹೋದರೆ ಅದು ಬೇರೆ ಸಮಸ್ಯೆ.

ಜಿಮ್‌ಮೇಟ್
ಭುಜ ನೋಯುತ್ತಿದೆ ನಿಜ. ಆದರೂ ಹೋಗ್ತೀನಿ.

ರಾತ್ರಿಪಾಳಿ
ಸೋತಶೂ ಅವರೇ, ಹನ್ನೊಂದು ಗಂಟೆಗೆ ರೇಗುತ್ತೇನೆ ಅಂದಿರಲ್ಲ. ಅಷ್ಟು ಜೋರಾಗಿ ಓಡಿ ಏನಾದರೂ ತಿನ್ನುತ್ತೀರಾ, ಇಲ್ಲವಾ? ನನಗೆ ಹೊಟ್ಟೆ ಖಾಲಿ ಇದ್ದರೆ ಹಾಗೇ ಆಗುತ್ತದೆ.

ಸೋತಶೂ
ತಿಂಡಿ ಆಫೀಸಿಗೆ ಹೋದ ಮೇಲೆ, ಹತ್ತೂವರೆ ಆಗಿಬಿಡುತ್ತದೆ. ಏಳುವುದೂ ಐದಕ್ಕೆ. ಮುಂಚೆ ಆರೂವರೆಗೆ ಏಳುತ್ತಿದ್ದೆ, ಮಲಗುವುದು ಮಾತ್ರ ಅದೇ ಹನ್ನೆರಡಕ್ಕೆ.

ಪುರಾವೆಕೊಡಿ
ಅಲ್ಲಿಗೆ ಬಂತು ನೋಡಿ. ದಿನಕ್ಕೆ ಒಂದೂವರೆ ಗಂಟೆ ನಿದ್ದೆ ಕದ್ದು ಖುಷಿ ಹುಡುಕುತ್ತಿದ್ದೀರಿ.

ಉಸಿರುಲೆಕ್ಕ
ಈ ಸಲ ನಮ್ಮಿಬ್ಬರದೂ ಒಂದೇ ಮಾತು. ಐದು ಗಂಟೆ ನಿದ್ದೆಯ ಮೇಲೆ ಜೋರು ಓಟ, ಆಮೇಲೆ ಹತ್ತೂವರೆ ತನಕ ಉಪವಾಸ. ಸಿಟ್ಟಿಗೆ ಇಷ್ಟು ಸಾಕು. ಬೆಳಿಗ್ಗೆಯೇ ಆಗಬೇಕು ಅಂತೇನಿಲ್ಲ, ಸಂಜೆಗೆ ಹಾಕಿಕೊಳ್ಳಿ. ಇಷ್ಟೆಲ್ಲ ಬದಲಿಸಿ ಒಂದೂವರೆ ಎರಡು ತಿಂಗಳಾದರೂ ಮಂಕು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ರಕ್ತಹೀನತೆ ಇದ್ದರೂ ಹೀಗೇ ಆಗುತ್ತದೆ, ಅದನ್ನು ಯಾವ ಓಟವೂ ಸರಿ ಮಾಡುವುದಿಲ್ಲ.

ಸೋತಶೂ
ಸಂಜೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ಅಲ್ಲಿ ಎಷ್ಟು ನಿಧಾನ ಮಾಡಿದರೂ ಮಾತು ನಿಂತುಹೋಗುತ್ತದೆ. ಏನು ಮಾಡಲಿ?

ಉಸಿರುಲೆಕ್ಕ
ಏರಿನಲ್ಲಿ ನಡೆಯಿರಿ. ಮೇಲೆ ತಲುಪಿ ಉಸಿರು ಸರಿಯಾದ ಮೇಲೆ ಮತ್ತೆ ಓಡಿ.

ಸುಮ್ನೆಬಂದೆ
ಅಲ್ಲೊಂದು ಕುರ್ಚಿ ಹಾಕಿಸಿದರೆ ಇನ್ನೂ ಒಳ್ಳೆಯದು.